ಬೆಳಗಿನ ಬಫೆಯಲ್ಲಿ ಕಮ್ಮಿ ಇಡೋದು, ಬೇಗ ಬೇಗ ಬದಲಿಸೋದು

ಮೈಸೂರಿನ ಒಂದು ಹೋಟೆಲ್‌ನಲ್ಲಿ ಬೆಳಗಿನ ಬಫೆ ನೋಡಿಕೊಳ್ಳುವುದು ನನ್ನ ಕೆಲಸ. ಏಳರಿಂದ ಹತ್ತೂವರೆ ತನಕ ತಿಂಡಿ ಇರುತ್ತದೆ. ಮೇಜಿನ ಮೇಲೆ ದೊಡ್ಡ ಪಾತ್ರೆ ತುಂಬಿಸಿಟ್ಟರೆ ನೋಡೋಕೆ ಚೆನ್ನ. ಆದರೆ ಇಡ್ಲಿ ಒಣಗುತ್ತೆ, ಚಟ್ನಿ ಹುಳಿಯಾಗುತ್ತೆ, ಕೊನೆಗೆ ಅರ್ಧ ಚೆಲ್ಲಬೇಕಾಗುತ್ತೆ. ಹಾಗಾಗಿ ನಾನು ಚಿಕ್ಕ ಪಾತ್ರೆಯಲ್ಲೇ ಇಡುತ್ತೇನೆ, ಖಾಲಿಯಾಗುವ ಮೊದಲೇ ಬದಲಿಸುತ್ತೇನೆ.

ಲೆಕ್ಕ ಹಿಂದಿನ ರಾತ್ರಿಯೇ ಶುರು. ಫ್ರಂಟ್ ಆಫೀಸಿನಿಂದ ಹೌಸ್ ಕೌಂಟ್, ಅಂದರೆ ಆ ರಾತ್ರಿ ತಂಗಿರುವವರ ಲೆಕ್ಕ ತರಿಸುತ್ತೇನೆ. ಎಷ್ಟು ರೂಮು ಅನ್ನೋದಷ್ಟೇ ಸಾಲದು. ಎಷ್ಟು ಜನ, ಮಕ್ಕಳೆಷ್ಟು, ಗುಂಪು ಇದೆಯಾ, ಬೇಗ ಹೊರಡೋರು ಯಾರು ಅಂತ ಕೇಳಬೇಕು. ಒಂದು ಭಾನುವಾರದ ಲೆಕ್ಕ ಹೇಳುತ್ತೇನೆ. ಪಟ್ಟಿಯಲ್ಲಿ 88 ಜನ. ನಮ್ಮಲ್ಲಿ ಹತ್ತರಲ್ಲಿ ಒಬ್ಬರು ತಿಂಡಿಗೆ ಬರೋದೇ ಇಲ್ಲ, ಅದಕ್ಕೆ 80 ಅಂತ ಹಿಡಿದೆ. ಇಡ್ಲಿ, ವಡೆ, ಖಾರ ಪೊಂಗಲ್, ದೋಸೆ ಕೌಂಟರ್ ಎಲ್ಲ ಇರುವಾಗ ಒಬ್ಬರಿಗೆ ಒಂದೂವರೆ ಇಡ್ಲಿ ಸಾಕು, ಅಂದರೆ 120. ಸಾಂಬಾರ್ ತಲೆಗೆ 150 ಮಿಲಿಲೀಟರ್, 12 ಲೀಟರ್. ಚಟ್ನಿ 50 ಗ್ರಾಂ, 4 ಕೆಜಿ. ತಿಂಡಿಯ ಬಗೆ ಕಮ್ಮಿಯಿದ್ದ ದಿನ ಇಡ್ಲಿ ತಲೆಗೆ ಎರಡೂವರೆಗೂ ಹೋಗುತ್ತದೆ.

ಆದರೆ 120 ಇಡ್ಲಿ ಒಟ್ಟಿಗೆ ಬೇಯಿಸಲ್ಲ. ಅವತ್ತು 25 ಜನರ ಟೂರ್ ಗುಂಪು ಏಳೂವರೆಗೆ ಬಸ್ ಹತ್ತಬೇಕಿತ್ತು. ಏಳಕ್ಕೆ ಸರಿಯಾಗಿ 40 ಇಡ್ಲಿಯ ಒಂದು ಒಬ್ಬೆ ಮೇಜಿಗೆ ಬಂತು. ಅವರು ಹೋದ ಮೇಲೆ ಎಂಟೂಮುಕ್ಕಾಲರವರೆಗೆ ಹತ್ತು ಹನ್ನೆರಡು ಇಡ್ಲಿ ಅಷ್ಟೇ. ಕುಟುಂಬದವರು ಇಳಿದು ಬರೋದು ಒಂಬತ್ತರ ಹೊತ್ತಿಗೆ. ಒಬ್ಬೆ ಬೇಯೋಕೆ ಹನ್ನೆರಡು ನಿಮಿಷ ಬೇಕು, ಮೇಜಿಗೆ ಬರಲು ಇನ್ನೆರಡು. ಆದ್ದರಿಂದ ಪಾತ್ರೆಯಲ್ಲಿ ಮೂರನೇ ಒಂದು ಭಾಗ ಉಳಿದಾಗಲೇ ಒಳಗೆ "ಅಣ್ಣಾ, ಇನ್ನೊಂದು ಒಬ್ಬೆ ಇಡಿ" ಅಂತ ಹೇಳಿಬಿಡಬೇಕು. ಖಾಲಿ ಆದ ಮೇಲೆ ಹೇಳಿದರೆ ಅತಿಥಿ ತಟ್ಟೆ ಹಿಡಿದು ಕಾಯಬೇಕಾಗುತ್ತೆ.

ಬಾಗಿಲಲ್ಲಿ ರೂಮ್ ನಂಬರ್ ಪಟ್ಟಿಗೆ ಟಿಕ್ ಹಾಕುವ ಹುಡುಗ ಇರುತ್ತಾನಲ್ಲ, ಕೊನೆಯ ಗಂಟೆಯಲ್ಲಿ ಅವನೇ ನನಗೆ ಆಧಾರ. ಒಂಬತ್ತೂಮುಕ್ಕಾಲಿಗೆ ಕೇಳಿದರೆ ಇನ್ನು 14 ಜನ ಬರಬೇಕು ಅಂದ. ಕೊನೆಯ ಒಬ್ಬೆ 40ರ ಬದಲು 20ಕ್ಕೆ ಇಳಿಯಿತು. ಉಳಿದ ಹಿಟ್ಟು ಸೀದಾ ಫ್ರಿಜ್‌ಗೆ ಹೋಯಿತು.

ಈಗ ಬಿಸಿಯ ವಿಷಯ. ಚೇಫಿಂಗ್ ಡಿಶ್ ಅಂದರೆ ಕೆಳಗೆ ಬಿಸಿನೀರಿನ ತಟ್ಟೆ, ಬರ್ನರ್ ಇರುವ ಬಫೆ ಪಾತ್ರೆ. ಅದು ಅಡುಗೆಯನ್ನು ಬಿಸಿ ಮಾಡಲ್ಲ, ಇರುವ ಬಿಸಿಯನ್ನು ಉಳಿಸುತ್ತೆ ಅಷ್ಟೇ. ತಣ್ಣಗಾದ ಪೊಂಗಲ್ ಅದರಲ್ಲಿಟ್ಟರೆ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತೆ, ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ್ದೂ ಅದೇ ಶಾಖ. ನಾನು ಕೆಳಗಿನ ತಟ್ಟೆಗೆ ಕುದಿಯುವ ನೀರು ಹಾಕಿ, ಕಾಲು ಗಂಟೆ ಮೊದಲೇ ಬರ್ನರ್ ಹಚ್ಚುತ್ತೇನೆ. ಪೊಂಗಲ್ 75 ಡಿಗ್ರಿ ದಾಟಿದ ಮೇಲೆಯೇ ಅದರೊಳಗೆ ಇಡುವುದು. ಆಮೇಲೆ ಅರ್ಧ ಗಂಟೆಗೊಮ್ಮೆ ಪ್ರೋಬ್ ಥರ್ಮಾಮೀಟರ್ ನಡುಭಾಗಕ್ಕೆ ಚುಚ್ಚಿ ನೋಡುತ್ತೇನೆ. ಅಂಚು ಬಿಸಿಯಿದ್ದೂ ನಡುವೆ ತಣ್ಣಗಿರಬಹುದು. 60ಕ್ಕಿಂತ ಕೆಳಗೆ ಇಳಿಯಬಾರದು. ಇಳಿಯುತ್ತಾ ಬಂತು ಅಂದರೆ ಮೊದಲು ಕೆಳಗಿನ ನೀರು ನೋಡಿ, ಬಹುತೇಕ ಅದೇ ಬತ್ತಿರುತ್ತೆ.

ವಡೆಗೆ ಮುಚ್ಚಳ ಹಾಕಿದರೆ ಹಬೆಗೆ ಮೆತ್ತಗಾಗುತ್ತೆ. ಅದಕ್ಕೆ ವಡೆ ಸ್ವಲ್ಪ ಸ್ವಲ್ಪವೇ ಕರಿದು ತೆರೆದಿಡುವುದು.

ನನಗೆ ಜಾಸ್ತಿ ಭಯ ಇರೋದು ಕಾಯಿಚಟ್ನಿದು. ಹಸಿ ಕಾಯಿ, ನೀರು, ಜೊತೆಗೆ ಮಿಕ್ಸಿಯಲ್ಲಿ ತಿರುಗುವಾಗಲೇ ಬೆಚ್ಚಗಾಗುತ್ತೆ. ಫ್ರಿಜ್‌ನ ನೀರು ಹಾಕಿ ರುಬ್ಬುತ್ತೇವೆ, ಮೂರು ಸಲ ಬೇರೆ ಬೇರೆಯಾಗಿ. ರುಬ್ಬಿದ್ದನ್ನು ಅಗಲದ ತಟ್ಟೆಯಲ್ಲಿ ಫ್ರಿಜ್‌ಗಿಟ್ಟು ತಣಿಸಿ, ಅರ್ಧ ಲೀಟರಿನ ಸ್ಟೀಲ್ ಬಟ್ಟಲಲ್ಲಿ ಹೊರಗೆ ಕಳಿಸುತ್ತೇವೆ. ಬಟ್ಟಲು ಸುಮ್ನೆ ಐಸ್ ಮೇಲೆ ಕೂತರೆ ತಳ ಮಾತ್ರ ತಣ್ಣಗಿರುತ್ತೆ. ಒಳಗೆ ಚಟ್ನಿ ಎಷ್ಟು ಎತ್ತರಕ್ಕಿದೆಯೋ ಹೊರಗೆ ಐಸೂ ಅಷ್ಟು ಎತ್ತರಕ್ಕೆ ಸುತ್ತಿರಬೇಕು. ಗಂಟೆಗೊಮ್ಮೆ ಬಟ್ಟಲೇ ಬದಲು, ಖಾಲಿಯಾಗದಿದ್ದರೂ. ಮೊಸರು, ಹೆಚ್ಚಿದ ಹಣ್ಣಿಗೂ ಇದೇ ಏರ್ಪಾಡು, ಗುರಿ 5 ಡಿಗ್ರಿ.

ಹೊಸ ಹುಡುಗರಿಗೆ ನಾನು ಮತ್ತೆ ಮತ್ತೆ ಹೇಳೋದು ಒಂದೇ: ಹಳೆಯದರ ಮೇಲೆ ಹೊಸದು ಸುರಿಯಬೇಡಿ. ಸುರಿದರೆ ಏಳು ಗಂಟೆಯ ಪೊಂಗಲ್ ಹತ್ತು ಗಂಟೆಗೂ ತಳದಲ್ಲೇ ಕೂತಿರುತ್ತೆ. ಪಾತ್ರೆ ತೆಗೆದು ಬೇರೆ ಪಾತ್ರೆ ಇಡಿ, ಜೊತೆಗೆ ಸೌಟೂ ಬದಲಿಸಿ. ಮೇಜಿಗೆ ಹೋದದ್ದು ಯಾವುದೂ ವಾಪಸ್ ಅಡುಗೆಮನೆಯ ದೊಡ್ಡ ಪಾತ್ರೆಗೆ ಬರೋ ಹಾಗಿಲ್ಲ. ಒಳಗೆ ಒಲೆಯ ಮೇಲೆ ಬಿಸಿಯಾಗೇ ಉಳಿದ ಸಾಂಬಾರ್ ಮಾತ್ರ ಸಿಬ್ಬಂದಿ ಊಟಕ್ಕೆ ಹೋಗುತ್ತೆ.

ಹತ್ತೂವರೆಗೆ ಮೇಜು ತೆಗೆಯುವಾಗ ಉಳಿದದ್ದನ್ನು ತೂಗಿ, ಬಂದ ಜನರ ಸಂಖ್ಯೆಯ ಪಕ್ಕದಲ್ಲೇ ಬರೆದಿಡುತ್ತೇನೆ. ಅವತ್ತು ಇಡ್ಲಿ ಆರು ಉಳಿದಿತ್ತು, ಪೊಂಗಲ್ ಒಂದೂವರೆ ಕೆಜಿ. ಮುಂದಿನ ಭಾನುವಾರಕ್ಕೆ ಪೊಂಗಲಿನ ಅಕ್ಕಿಯಲ್ಲಿ ಅರ್ಧ ಕೆಜಿ ಇಳಿಸಿದೆ.