ಸಿಮಿಲಿಯೋ ಮೆಟಫರೋ? ‘ಅಂತೆ’ ನೋಡಿ

ಕೋಲಾರದ ಹತ್ತನೇ ಕ್ಲಾಸ್ ಮಕ್ಕಳ ಪೋಷಕರಿಗೆ ಒಂದು ಸಲಹೆ. ಇಂಗ್ಲಿಷಿನ ಸಿಮಿಲಿ ಅಂದರೆ ನಮ್ಮ ಉಪಮೆ, ಮೆಟಫರ್ ಅಂದರೆ ರೂಪಕ. ನನ್ನ ಮಗಳಿಗೆ ಇವೆರಡೂ ಜಾಸ್ತಿ ಕಲಸಿಹೋಗುತ್ತಿದ್ದವು. ನಮ್ಮೂರ ಕೆರೆಯನ್ನೇ ಇಟ್ಟುಕೊಂಡು ಹೇಳಿಕೊಟ್ಟೆ.

‘ಕೆರೆ ತಾಯಿಯಂತೆ ಊರನ್ನು ಸಾಕುತ್ತದೆ.’ ಇದು ಉಪಮೆ. ಹೋಲಿಸುತ್ತಿರುವುದು ಕೆರೆಯನ್ನು, ಅದು ಉಪಮೇಯ. ತಾಯಿ ಉಪಮಾನ. ‘ಅಂತೆ’ ಉಪಮಾವಾಚಕ. ಸಾಕುವುದು ಇಬ್ಬರಿಗೂ ಇರುವ ಗುಣ, ಅದೇ ಸಮಾನಧರ್ಮ. ಈಗ ‘ಅಂತೆ’ ತೆಗೆದು ‘ಕೆರೆಯೇ ಊರಿನ ತಾಯಿ’ ಅನ್ನಿ. ಎರಡೂ ಒಂದೇ ಆಗಿಬಿಟ್ಟವು ಅಲ್ವಾ? ಅದು ರೂಪಕ.

ಆದರೆ ‘ಅಂತೆ’ ಕಂಡ ಕೂಡಲೇ ಉಪಮೆ ಅಂತ ಬರೆಯಬಾರದು. ‘ನಾಳೆ ಮಳೆ ಬರುತ್ತದಂತೆ’ ಬರೀ ಕೇಳಿದ ಸುದ್ದಿ, ಅಲ್ಲಿ ಹೋಲಿಕೆಯೇ ಇಲ್ಲ. ಆ ಜಾಗದಲ್ಲಿ ‘ಹಾಗೆ’ ಹಾಕಿ ನೋಡಿ. ‘ತಾಯಿಯ ಹಾಗೆ’ ಸರಿಹೋಗುತ್ತದೆ, ‘ಬರುತ್ತದೆ ಹಾಗೆ’ ಸರಿಹೋಗುವುದಿಲ್ಲ.

ಅಲಿಟರೇಶನ್‌ಗೆ ಅನುಪ್ರಾಸ ಅನ್ನುತ್ತೇವೆ, ‘ಕೆರೆಯ ಕೋಡಿಯ ಕಲ್ಲು ಕುಸಿಯಿತು’ ಎಂಬಲ್ಲಿ ‘ಕ’ ಮರಳಿ ಮರಳಿ ಬರುವ ಹಾಗೆ. ಐರನಿಗೆ ವ್ಯಂಗ್ಯ. ಒಣಗಿದ ಕೆರೆ ನೋಡಿ ‘ಆಹಾ, ಎಷ್ಟು ನೀರು!’ ಅನ್ನುವುದು.