ನಿರೂಪಣೆಯ ಮಾತು, ಸಮಯ ಎರಡೂ ಸ್ಲೈಡಿನ ಕೆಳಗೇ ಇರಲಿ

ವಾರ್ಷಿಕೋತ್ಸವದ ನಿರೂಪಣೆಯನ್ನು ಬೇರೆ ಹಾಳೆಯಲ್ಲಿ ಬರೆಯಬೇಡಿ. ಪವರ್‌ಪಾಯಿಂಟ್‌ನಲ್ಲಿ ಪ್ರತಿ ಸ್ಲೈಡಿನ ಕೆಳಗಿರುವ ನೋಟ್ಸ್ ಜಾಗದಲ್ಲೇ ಬರೆಯಿರಿ. ಮೊದಲು ಸಮಯ, ಆಮೇಲೆ ಮಾತು. ಪ್ರಿಂಟ್ ಮಾಡುವಾಗ ‘ನೋಟ್ಸ್ ಪೇಜಸ್’ ಆರಿಸಿದರೆ ಎರಡೂ ಒಂದೇ ಹಾಳೆಯಲ್ಲಿ ಬರುತ್ತವೆ.

ಕಳೆದ ವರ್ಷ ಶಿರಸಿಯ ಒಂದು ಶಾಲೆಯಲ್ಲಿ ಯಕ್ಷಗಾನದ ಪರಿಚಯ ಹೇಳಿ ಮುಗಿಸಿದೆ. ಒಳಗೆ ಮಕ್ಕಳಿಗೆ ಇನ್ನೂ ಕಿರೀಟ ಕಟ್ಟುತ್ತಿದ್ದರು. ಮೂರು ನಿಮಿಷ ವೇದಿಕೆ ಖಾಲಿ! ಈಗ ಆ ಸ್ಲೈಡಿನ ನೋಟ್ಸ್ ಹೀಗಿದೆ:

7:10 – ಬಹುಮಾನ ಪಡೆದವರ ಹೆಸರು, 2 ನಿಮಿಷ.
7:12 – ಒಳಗಿನಿಂದ ಸನ್ನೆ ಬಂದರೆ ಪ್ರಸಂಗದ ಪರಿಚಯ, 40 ಸೆಕೆಂಡ್. ಬರದಿದ್ದರೆ ದಾನಿಗಳ ಹೆಸರು.

ಪ್ರಸಂಗದ ಪರಿಚಯ ಕೊನೆಗೇ ಇರಬೇಕು. ಅದು ಮುಗಿದ ಕೂಡಲೇ ಚೆಂಡೆ ಕೇಳಬೇಕು, ಅಲ್ವಾ? ಸಮಯವನ್ನು ಸುಮ್ನೆ ಅಂದಾಜು ಮಾಡಬೇಡಿ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇಟ್ಟು ಗಟ್ಟಿಯಾಗಿ ಓದಿ. ಮನಸ್ಸಲ್ಲೇ ಓದಿದರೆ ಬೇಗ ಮುಗಿದುಬಿಡುತ್ತದೆ.