ಆ 1,14,800 ರೂಪಾಯಿಗೆ ಎರಡನೇ ಸಲ ತೆರಿಗೆ ಕಟ್ಟುವುದರಲ್ಲಿದ್ದೆ

2025ರ ಆಗಸ್ಟ್‌ನ ಒಂದು ಭಾನುವಾರ ಮನೆಯಲ್ಲಿ ರಿಟರ್ನ್ ತುಂಬಲು ಕೂತಿದ್ದೆ. ಹಿಂದಿನ ಡಿಸೆಂಬರ್‌ನಲ್ಲಿ ಇಎಸ್‌ಪಿಪಿಯ, ಅಂದರೆ ಕಂಪನಿ ತನ್ನ ನೌಕರರಿಗೆ ರಿಯಾಯಿತಿಯಲ್ಲಿ ಷೇರು ಕೊಡುವ ಯೋಜನೆಯ, 40 ಷೇರು ಮಾರಿದ್ದೆ. ಅಮೆರಿಕದ ಬ್ರೋಕರ್ ಕಳಿಸಿದ ಸ್ಟೇಟ್‌ಮೆಂಟ್‌ನಲ್ಲಿ ಎಲ್ಲವೂ ಸಿದ್ಧವಾಗಿತ್ತು. ಕೊಂಡ ಬೆಲೆ, ಮಾರಿದ ಬೆಲೆ, ಲಾಭ, ಒಂದೊಂದಕ್ಕೂ ಒಂದು ಕಾಲಂ. ಅದನ್ನು ರೂಪಾಯಿಗೆ ತಿರುಗಿಸಿದರೆ ಲಾಭ 1,58,000 ರೂಪಾಯಿ ಬಂತು. ತೆರಿಗೆ 20,540. ಕಟ್ಟಿ ಮುಗಿಸೋಣ ಅಂದುಕೊಂಡೆ. ಆದರೆ ಷೇರಿನ ಬೆಲೆ ಅಷ್ಟೇನೂ ಏರಿರಲಿಲ್ಲ, ಲಾಭ ಮಾತ್ರ ಜಾಸ್ತಿ ಕಾಣುತ್ತಿತ್ತು. ಅದಕ್ಕೇ ಕೈ ತಡೆಯಿತು.

ನನ್ನ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ. ಓದಲು ಸುಲಭವಾಗಲಿ ಎಂದು ಬೆಲೆಗಳನ್ನೂ ಡಾಲರ್ ದರವನ್ನೂ ದುಂಡಾಗಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ನಾನು ಮಾಡಿದ್ದೇ.

ನಾನು ಕೆಲಸ ಮಾಡುವುದು ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಅದರ ಮೂಲ ಕಂಪನಿಯ ಷೇರು ಅಮೆರಿಕದಲ್ಲಿ ಲಿಸ್ಟ್ ಆಗಿದೆ. ಆರು ತಿಂಗಳು ಸಂಬಳದಿಂದ ಸ್ವಲ್ಪ ಸ್ವಲ್ಪ ಹಿಡಿದು, ಕೊನೆಯ ದಿನ ಆ ದುಡ್ಡಿಗೆ ಷೇರು ಕೊಡುತ್ತಾರೆ. ನನ್ನ ಆ ಕಂತು 2022ರ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯಿತು. ಶುರುವಿನ ದಿನ ಷೇರಿನ ಬೆಲೆ 100 ಡಾಲರ್, ಕೊನೆಯ ದಿನ 120 ಡಾಲರ್. ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಶೇ 15 ರಿಯಾಯಿತಿ. ಹಾಗಾಗಿ ನನಗೆ ಷೇರು ಸಿಕ್ಕಿದ್ದು 85 ಡಾಲರಿಗೆ.

ಹೆಸರಿಗೆ ಶೇ 15 ರಿಯಾಯಿತಿ ಅಷ್ಟೆ. ಅವತ್ತಿನ ಮಾರುಕಟ್ಟೆ ಬೆಲೆ 120 ಇದ್ದಾಗ 85 ಕೊಟ್ಟರೆ ಉಳಿದದ್ದು 35 ಡಾಲರ್, ಅಂದರೆ ಸುಮಾರು ಶೇ 29. ನಮ್ಮ ತೆರಿಗೆ ಕಾನೂನು ನೋಡುವುದು ಈ 35 ಡಾಲರನ್ನು. ಅದು ಷೇರಿನ ಲಾಭ ಅಲ್ಲ, ಸಂಬಳದ ಭಾಗ. ಪರ್ಕ್ವಿಸಿಟ್ ಎನ್ನುತ್ತಾರೆ. ಷೇರು ಮಾರಲಿ ಬಿಡಲಿ, ಅದು ನಮ್ಮ ಹೆಸರಿಗೆ ಬಂದ ವರ್ಷವೇ ಅದಕ್ಕೆ ತೆರಿಗೆ ಬೀಳುತ್ತದೆ.

ಡಾಲರಿಗೆ 82 ರೂಪಾಯಿ ಹಿಡಿದರೆ, 40 ಷೇರಿಗೆ ಈ ರಿಯಾಯಿತಿ 1,14,800 ರೂಪಾಯಿ. 2022ರ ಡಿಸೆಂಬರ್‌ನ ಸಂಬಳದ ಚೀಟಿ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಈ 1,14,800 ಎರಡು ಕಡೆ ಇದೆ. ಎಡಗಡೆ ಗಳಿಕೆಯ ಪಟ್ಟಿಯಲ್ಲಿ ಒಮ್ಮೆ, ಬಲಗಡೆ ಕಡಿತದ ಪಟ್ಟಿಯಲ್ಲಿ ಇನ್ನೊಮ್ಮೆ. ಕೈಗೆ ನಗದು ಬಂದಿಲ್ಲವಲ್ಲ, ಅದಕ್ಕೇ ಸೇರಿಸಿ ಹಾಗೇ ಕಳೆಯುತ್ತಾರೆ. ಆದರೆ ಅದರ ಮೇಲಿನ ಟಿಡಿಎಸ್ ಮಾತ್ರ ನಿಜವಾಗಿ ಹೋಗುತ್ತದೆ. ನಾನು ಶೇ 30ರ ಸ್ಲ್ಯಾಬಿನಲ್ಲಿದ್ದೆ. ಸೆಸ್ ಸೇರಿ 35,818 ರೂಪಾಯಿ ಹೋಯಿತು. ಆ ತಿಂಗಳು ಸಂಬಳ ಕಡಿಮೆ ಬಂದಾಗ ಏನೋ ತಪ್ಪಾಗಿದೆ ಎಂದು ಪೇರೋಲ್‌ನವರಿಗೆ ಫೋನ್ ಮಾಡಿದ್ದೆ. ತಪ್ಪೇನೂ ಆಗಿರಲಿಲ್ಲ.

ಮಾರುವಾಗಿನ ಕಥೆಗೆ ಬರುತ್ತೇನೆ. 2024ರ ನವೆಂಬರ್ ನಡುವೆ ಮನೆಯ ಕೆಲಸಕ್ಕೆ ದುಡ್ಡು ಬೇಕಾಗಿತ್ತು. ಬ್ರೋಕರ್ ಖಾತೆಯ ಸಹಾಯದ ಪುಟದಲ್ಲಿ ಒಂದು ನಿಯಮ ಓದಿದ್ದೆ: ಕಂತು ಶುರುವಾಗಿ ಎರಡು ವರ್ಷ, ಷೇರು ಕೊಂಡು ಒಂದು ವರ್ಷ ಕಳೆದರೆ ತೆರಿಗೆ ಕಡಿಮೆ ಎಂದು. ನನ್ನದು ಎರಡೂ ಆಗಿತ್ತು. ಮಾರಲು ಹೊರಟಾಗ ಆಫೀಸಿನ ಪಕ್ಕದ ಸೀಟಿನ ಗೆಳತಿ ತಡೆದಳು. "ಅದು ಅಮೆರಿಕದಲ್ಲಿ ತೆರಿಗೆ ಕಟ್ಟೋರಿಗೆ ಕಣೇ. ನಮಗೆ ಷೇರು ಕೈಗೆ ಬಂದ ದಿನದಿಂದ 24 ತಿಂಗಳು ದಾಟಬೇಕು. ನಿಂದು ಇನ್ನೂ ಎರಡು ವಾರ ಇದೆ ನೋಡು."

ಅವಳು ಹೇಳಿದ್ದು ಸರಿ. ಹೊರದೇಶದಲ್ಲಿ ಲಿಸ್ಟ್ ಆದ ಷೇರು ನಮ್ಮ ಕಾನೂನಿನ ಕಣ್ಣಿಗೆ ಲಿಸ್ಟ್ ಆಗದ ಷೇರಿನಂತೆ. ನಮ್ಮ ಎನ್‌ಎಸ್‌ಇ, ಬಿಎಸ್‌ಇ ಷೇರಿಗಿರುವ 12 ತಿಂಗಳ ಲೆಕ್ಕ ಇದಕ್ಕಿಲ್ಲ. 24 ತಿಂಗಳು ದಾಟಿದರೆ ಮಾತ್ರ ಲಾಂಗ್ ಟರ್ಮ್. 2024ರ ಜುಲೈ 23ರಿಂದ ಅದಕ್ಕೆ ಶೇ 12.5 ತೆರಿಗೆ, ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿಕೊಳ್ಳುವ ಇಂಡೆಕ್ಸೇಶನ್ ಇಲ್ಲ. ದಾಟದಿದ್ದರೆ ಲಾಭ ನಮ್ಮ ಸ್ಲ್ಯಾಬಿಗೆ ಸೇರುತ್ತದೆ. ತಿಂಗಳು ಎಣಿಸುವುದು ಅಲಾಟ್‌ಮೆಂಟ್ ದಿನದಿಂದ. ಕಂತು ಶುರುವಾದ ದಿನಕ್ಕೂ ಸಂಬಳದಿಂದ ಮೊದಲ ಸಲ ದುಡ್ಡು ಹಿಡಿದ ದಿನಕ್ಕೂ ಇದರಲ್ಲಿ ಪಾತ್ರವಿಲ್ಲ.

ಬ್ರೋಕರ್ ಖಾತೆಯಲ್ಲಿ ಎರಡು ತಾರೀಖು ಇದ್ದವು. ಕೊಂಡದ್ದು ನವೆಂಬರ್ 30, ಷೇರು ಖಾತೆಗೆ ಬಂದು ಬಿದ್ದದ್ದು ಕೆಲವು ದಿನ ಬಿಟ್ಟು. ಯಾವುದನ್ನು ಹಿಡಿದರೂ 24 ತಿಂಗಳು ದಾಟಿರಲಿ ಎಂದು 2024ರ ಡಿಸೆಂಬರ್ 10ರವರೆಗೆ ಕಾದೆ. ಆ ಕಾಯುವಿಕೆಯಲ್ಲಿ ಬೆಲೆ ಬೀಳಬಹುದಿತ್ತು, ನಿಜ. ಎರಡು ಮೂರು ವಾರವಾದರೆ ನಾನು ಕಾಯುತ್ತೇನೆ. ತೆರಿಗೆ ಉಳಿಸಲೆಂದೇ ಒಂದೇ ಕಂಪನಿಯ ಷೇರನ್ನು ವರ್ಷಗಟ್ಟಲೆ ಹಿಡಿದು ಕೂರುವುದು ನನಗೆ ಒಪ್ಪಿಗೆಯಿಲ್ಲ. ಸಂಬಳವೂ ಅಲ್ಲಿಂದಲೇ, ಉಳಿತಾಯವೂ ಅಲ್ಲೇ ಅಂದರೆ ಭಯ ಆಗುತ್ತದೆ, ಅಲ್ವಾ?

ಮಾರುವಾಗ ಇನ್ನೊಂದು ಕಡೆ ಎಚ್ಚರ ಬೇಕಾಯಿತು. ಆರಾರು ತಿಂಗಳಿಗೆ ಸಿಕ್ಕ ಷೇರುಗಳು ಖಾತೆಯಲ್ಲಿ ಬೇರೆ ಬೇರೆ ಲಾಟ್ ಆಗಿ ಇರುತ್ತವೆ. ಒಂದೊಂದಕ್ಕೂ ಅದರದೇ ತಾರೀಖು, ಅದರದೇ ಬೆಲೆ. ಯಾವ ಲಾಟ್ ಮಾರುತ್ತಿದ್ದೇನೆ ಎಂದು ನೋಡಿ, 2022ರ ನವೆಂಬರ್‌ನದನ್ನೇ ಆರಿಸಿಕೊಂಡೆ. 130 ಡಾಲರಿಗೆ 40 ಷೇರೂ ಹೋದವು.

ಮತ್ತೆ ಆ ಭಾನುವಾರಕ್ಕೆ. ಬ್ರೋಕರ್ ಸ್ಟೇಟ್‌ಮೆಂಟ್‌ನ ಕೊಂಡ ಬೆಲೆಯ ಕಾಲಂನಲ್ಲಿ 85 ಡಾಲರ್ ಇತ್ತು. ಅವರ ಮಟ್ಟಿಗೆ ಅದು ಸರಿ, ನಾನು ಕೊಟ್ಟದ್ದು ಅಷ್ಟೇ. ಕೊಂಡಾಗಿನ 82ರ ದರಕ್ಕೆ ಅದು 2,78,800 ರೂಪಾಯಿ. ಮಾರಿದ ಮೊತ್ತ, ಡಾಲರಿಗೆ 84ರಂತೆ, 4,36,800. ಕಳೆದರೆ 1,58,000.

ಬೆಲೆ 120ರಿಂದ 130ಕ್ಕೆ ಏರಿದ್ದಕ್ಕೆ ಇಷ್ಟು ಲಾಭವೇ ಎಂಬ ಅನುಮಾನ ಬಂದು ಹಳೆಯ ಫಾರಂ 16 ತೆಗೆದೆ. ಅದರ ಜೊತೆಗೆ 12ಬಿಎ ಎಂಬ ಇನ್ನೊಂದು ಫಾರಂ ಇತ್ತು, ಪರ್ಕ್ವಿಸಿಟ್‌ಗಳ ಪಟ್ಟಿ. ಅಲ್ಲಿ ಷೇರಿನ ಸಾಲಿನಲ್ಲಿ 1,14,800 ಇತ್ತು. ನನ್ನ ಲಾಭದಿಂದ ಅದನ್ನು ಕಳೆದು ನೋಡಿದೆ. 43,200 ಉಳಿಯಿತು. ಅಂದರೆ ಎರಡು ವರ್ಷದ ಹಿಂದೆ ಶೇ 30ರಂತೆ ತೆರಿಗೆ ಕಟ್ಟಿದ ಅದೇ ದುಡ್ಡನ್ನು ಈಗ ಲಾಭ ಎಂದು ಇನ್ನೊಮ್ಮೆ ತೋರಿಸಲು ಹೊರಟಿದ್ದೆ.

ಮರುದಿನ ಜಯನಗರದ ನಮ್ಮ ಆಡಿಟರ್ ಹತ್ತಿರ ಹೋದೆ. ಕಾಗದ ನೋಡಿ, "ಮೇಡಂ, 85ನ್ನ ಮರೆತುಬಿಡಿ. ಆಫೀಸಿನವರು ಪರ್ಕ್ವಿಸಿಟ್ ಲೆಕ್ಕ ಹಾಕಿದಾಗ ಯಾವ ಬೆಲೆ ಹಿಡಿದ್ರೋ ಅದೇ ನಿಮ್ಮ ಕೊಂಡ ಬೆಲೆ" ಎಂದರು. ಆ ವರ್ಷಕ್ಕೆ ಅನ್ವಯವಾಗುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 49(2ಎಎ) ಹೇಳಿದ್ದು ಇದನ್ನೇ. ಹಾಗಾಗಿ ನನ್ನ ಕೊಂಡ ಬೆಲೆ 120 ಡಾಲರ್, ರೂಪಾಯಿಯಲ್ಲಿ ಷೇರಿಗೆ 9,840, ಒಟ್ಟು 3,93,600. ಲಾಭ 43,200. ತೆರಿಗೆ ಸೆಸ್ ಸೇರಿ 5,616. ಮೊದಲಿನ ಲೆಕ್ಕಕ್ಕೂ ಇದಕ್ಕೂ 14,924 ರೂಪಾಯಿ ವ್ಯತ್ಯಾಸ. ನವೆಂಬರ್‌ನಲ್ಲೇ ಇದೇ ಬೆಲೆಗೆ, ಇದೇ ದರಕ್ಕೆ ಮಾರಿದ್ದರೆ ಈ 43,200ಕ್ಕೆ 13,478 ಕಟ್ಟಬೇಕಿತ್ತು. ಗೆಳತಿ ಹೇಳಿದ ಆ ಎರಡು ವಾರ ಉಳಿಸಿದ್ದು 7,862 ರೂಪಾಯಿ.

ಡಾಲರ್ ದರದ ಬಗ್ಗೆ ನನಗೆ ಗೊಂದಲವಿತ್ತು. ಮಾರಿದ ದಿನದ ಗೂಗಲ್ ದರ ಹಿಡಿಯುವ ಹಾಗಿಲ್ಲ, ಬ್ಯಾಂಕಿಗೆ ದುಡ್ಡು ಬಂದಾಗಿನ ದರವೂ ಅಲ್ಲ. ಆಗಿನ ರೂಲ್ 115ರ ಪ್ರಕಾರ ಮಾರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ ಎಸ್‌ಬಿಐನ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕು ಡಾಲರ್ ಕೊಳ್ಳುವ ದರ, ಎಷ್ಟಿತ್ತೋ ಅದು. ನನಗೆ ಬೇಕಾದದ್ದು 2024ರ ನವೆಂಬರ್ 30ರದು. ಕೊಂಡ ಬೆಲೆಗೆ ನಾನು ಬೇರೆ ದರ ಹುಡುಕಲಿಲ್ಲ. ಪೇರೋಲ್‌ನವರು ಆಗಲೇ ರೂಪಾಯಿಯಲ್ಲಿ ಲೆಕ್ಕ ಹಾಕಿ ತೆರಿಗೆ ಹಿಡಿದಿದ್ದಾರೆ, ಅದೇ ಅಂಕಿ ಹಿಡಿದೆ. ನನ್ನ 43,200ರಲ್ಲಿ 9,600 ಬಂದದ್ದು ರೂಪಾಯಿ 82ರಿಂದ 84ಕ್ಕೆ ಇಳಿದದ್ದರಿಂದ. ಅದಕ್ಕೂ ತೆರಿಗೆ ಉಂಟು.

ಷೇರು ಬಿದ್ದಿದ್ದರೆ ಈ ತಪ್ಪು ಇನ್ನೂ ದೊಡ್ಡದಾಗುತ್ತಿತ್ತು. 105 ಡಾಲರಿಗೆ ಮಾರಿದ್ದೆ ಅಂದುಕೊಳ್ಳಿ. ಬ್ರೋಕರ್ ಕಾಗದದಲ್ಲಿ ಷೇರಿಗೆ 20 ಡಾಲರ್ ಲಾಭ. ನಮ್ಮ ಲೆಕ್ಕದಲ್ಲಿ ಮಾರಿದ್ದು 8,820ಕ್ಕೆ, ಕೊಂಡದ್ದು 9,840ಕ್ಕೆ, ಅಂದರೆ ಷೇರಿಗೆ 1,020 ನಷ್ಟ. ಗಡುವಿನೊಳಗೆ ರಿಟರ್ನ್ ಹಾಕಿದರೆ ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಲಾಂಗ್ ಟರ್ಮ್ ನಷ್ಟವನ್ನು ಲಾಂಗ್ ಟರ್ಮ್ ಲಾಭಕ್ಕೆ ಮಾತ್ರ ವಜಾ ಮಾಡಿಕೊಳ್ಳಬಹುದು. ಬ್ರೋಕರ್ ಕಾಗದ ನಂಬಿದವರು ಆ ನಷ್ಟವನ್ನೂ ಕಳೆದುಕೊಂಡು, ಇಲ್ಲದ ಲಾಭಕ್ಕೆ ತೆರಿಗೆಯನ್ನೂ ಕಟ್ಟುತ್ತಾರೆ. ಇದು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ರಿಟರ್ನ್ ಹಾಕಿದ್ದು ಐಟಿಆರ್-2ರಲ್ಲಿ. ನಮ್ಮ ದೇಶದ ಲಿಸ್ಟ್ ಆದ ಷೇರಿಗೆ ಸಿಗುವ 1.25 ಲಕ್ಷದ ವಿನಾಯಿತಿ ಇದಕ್ಕೆ ಇಲ್ಲ. ಹಾಗಾಗಿ 112ಎ ಭಾಗದಲ್ಲಿ ತುಂಬಬಾರದು. ವಿದೇಶದಲ್ಲಿರುವ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ಬೇರೆ ತುಂಬಬೇಕು. ಅದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಕೇಳುತ್ತದೆ. ನಾನು 2024ರ ಡಿಸೆಂಬರ್‌ನಲ್ಲೇ ಮಾರಿದ್ದರೂ ಆ ವರ್ಷ ಷೇರು ನನ್ನ ಬಳಿ ಇತ್ತಲ್ಲ, ಆದ್ದರಿಂದ ತೋರಿಸಿದೆ. ಬಾಕಿ ಉಳಿದ ಲಾಟ್‌ಗಳನ್ನೂ ತೋರಿಸಿದೆ.

ಈಗ ಒಂದು ಎಕ್ಸೆಲ್ ಹಾಳೆ ಇಟ್ಟಿದ್ದೇನೆ. ಪ್ರತಿ ಲಾಟ್‌ಗೆ ಒಂದು ಸಾಲು: ಅಲಾಟ್‌ಮೆಂಟ್ ತಾರೀಖು, ಎಷ್ಟು ಷೇರು, ಕೊಟ್ಟ ಬೆಲೆ, ಪೇರೋಲ್ ಹಿಡಿದ ಮಾರುಕಟ್ಟೆ ಬೆಲೆ, ಅವರು ಹಿಡಿದ ಡಾಲರ್ ದರ, 24 ತಿಂಗಳು ದಾಟುವ ದಿನ. ಕೊನೆಯಿಂದ ಎರಡು ಮೂರನೆಯ ಕಾಲಂಗಳು ಸಂಬಳದ ಚೀಟಿಯಲ್ಲಿ ಸಿಗುವುದಿಲ್ಲ. ಒಟ್ಟು ಮೊತ್ತ ಮಾತ್ರ ಇರುತ್ತದೆ. ಕೆಲವು ಕಡೆ ಅವತ್ತಿನ ಮಾರುಕಟ್ಟೆ ಬೆಲೆಯ ಬದಲು ಮರ್ಚೆಂಟ್ ಬ್ಯಾಂಕರ್ ಲೆಕ್ಕ ಹಾಕಿ ಕೊಟ್ಟ ಬೆಲೆ ಹಿಡಿದಿರುತ್ತಾರೆ, ನಾವೇ ಊಹಿಸಿದರೆ ಹೊಂದುವುದಿಲ್ಲ. ಅದಕ್ಕೇ ಲಾಟ್ ಬಂದ ತಿಂಗಳೇ ಪೇರೋಲ್‌ಗೆ ಎರಡು ಸಾಲಿನ ಮೇಲ್ ಹಾಕುತ್ತೇನೆ: ಷೇರಿಗೆ ಎಷ್ಟು ಬೆಲೆ ಹಿಡಿದಿರಿ, ಡಾಲರಿಗೆ ಎಷ್ಟು ಹಿಡಿದಿರಿ. ಉತ್ತರ ಬಂದ ಮೇಲ್ ಅನ್ನು ಪಿಡಿಎಫ್ ಮಾಡಿ ಆ ವರ್ಷದ ಫಾರಂ 16ರ ಪಕ್ಕದಲ್ಲೇ ಇಡುತ್ತೇನೆ.